ಮನೆ ಯಾರ ಹೆಸರಿನಲ್ಲಿದೆ, ಮನೆಯಲ್ಲಿ ಬಾಳಿದವರು ಯಾರು?

(ಕೋಣಂದೂರಿನಲ್ಲಿ ಸೇರಿದ್ದ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳು)



ನಾವು ವಕೀಲರಲ್ಲ. ಮೆಟ್ರಿಕ್ ಮುಗಿಸಿ ನಾಲ್ಕಾರು ವರ್ಷ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವರು. ಆದ್ದರಿಂದ ಇಂದು ಕಾನೂನನ್ನು ಕುರಿತು ಮಾತನಾಡುವಾಗಲೂ ನಮಗೆ ತಿಳಿದ ದಾರಿಯಲ್ಲೇ ಹೋಗುತ್ತೇವೆ. ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರ, ಸರಿಯಾದುದನ್ನು ಆರಿಸಬೇಕು. ಈಗ ನೌಕರಿಯ ಪರೀಕ್ಷೆಗೆ ಕೂಡುವ ನಮ್ಮ ಹುಡುಗಿಯರ ಕೈಯಲ್ಲಿ ಇಂಥ ಪ್ರಶ್ನೆಗಳ ದಪ್ಪ ಪುಸ್ತಕಗಳಿರುತ್ತವೆ. ಇಲ್ಲಿನ ಒಬ್ಬ ಹುಡುಗಿಯ ಬಳಿ ಇದ್ದ ಹಳೆಯ ಪುಸ್ತಕವೊಂದರ ಕುಟುಂಬ ಕಾನೂನಿನ ಭಾಗದಿಂದ ಒಂದು ಪ್ರಶ್ನೆಯನ್ನು ಬರೆದುಕೊಂಡು ಬಂದಿದ್ದೇವೆ. ಅದರ ಸಾರ ಹೀಗಿದೆ:

ಹೆಂಡತಿಗೆ ವಾಸದ ಹಕ್ಕಿರುವುದು ಯಾವ ಮನೆಯಲ್ಲಿ?
(ಅ) ಗಂಡನ ಹೆಸರಿನಲ್ಲಿರುವ ಮನೆಯಲ್ಲಿ ಮಾತ್ರ.
(ಆ) ಗಂಡನ ಸ್ವಂತ ಮನೆ, ಗಂಡ ಬಾಡಿಗೆಗೆ ಹಿಡಿದ ಮನೆ, ಅಥವಾ ಗಂಡನಿಗೆ ಪಾಲಿರುವ ಅವಿಭಕ್ತ ಕುಟುಂಬದ ಮನೆ, ಈ ಮೂರರಲ್ಲಿ ಮಾತ್ರ.
(ಇ) ಅತ್ತೆ ಮಾವಂದಿರ ಸ್ವಂತ ಮನೆಯಾದರೂ ಸರಿ, ಆಕೆ ಅಲ್ಲಿ ಸಂಸಾರ ಹೂಡಿ ಬಾಳಿದ್ದರೆ ಆ ಮನೆಯಲ್ಲಿ.
(ಈ) ಯಾವ ಮನೆಯಲ್ಲೂ ಇಲ್ಲ.

ನೀವೇ ಹೇಳಿ. ಈ ಸಭೆಯಲ್ಲಿ ಕೇಳಿದಾಗ ಹೆಚ್ಚು ಕೈಗಳು ಎದ್ದದ್ದು ಮೊದಲನೆಯದಕ್ಕೆ. ಎರಡು ಮೂರು ಕೈಗಳು ಕೊನೆಯದಕ್ಕೂ ಎದ್ದವು. ಅವು ವಯಸ್ಸಾದ ಅಮ್ಮಂದಿರ ಕೈಗಳು, ಅನುಭವದಿಂದ ಎದ್ದ ಕೈಗಳು. ಪುಸ್ತಕದ ಕೊನೆಯ ಪುಟದ ಉತ್ತರಪಟ್ಟಿಯಲ್ಲಿ ಅಚ್ಚಾಗಿರುವುದು (ಆ). ನಾವು ಇಂದು ಹೇಳಬೇಕೆಂದು ಬಂದಿರುವುದು ಇಷ್ಟೇ: ಆ ಅಚ್ಚಾದ ಉತ್ತರ ಈಗ ತಪ್ಪು. ಸರಿಯುತ್ತರ (ಇ). ಪರೀಕ್ಷೆಯಲ್ಲಿ ಇದನ್ನು ತಪ್ಪಿ ಬರೆದರೆ ಒಂದು ಅಂಕ ಹೋಗುತ್ತದೆ. ಬಾಳಿನಲ್ಲಿ ತಪ್ಪಿದರೆ ಹೆಣ್ಣುಮಗಳು ಮಳೆಗಾಲದ ರಾತ್ರಿ ಅಂಗಳದಲ್ಲಿ ನಿಲ್ಲಬೇಕಾಗುತ್ತದೆ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಕೆಲವು ವರ್ಷಗಳ ಕೆಳಗೆ ಒಬ್ಬ ತಂಗಿ ನಮ್ಮ ಬಳಿ ಬಂದು, ಮನೆಯಿಂದ ಹೊರಗೆ ಹಾಕಿದ್ದಾರೆ, ಏನು ಮಾಡಲಿ ಎಂದು ಕೇಳಿದಳು. ಮನೆ ಯಾರದು ಎಂದು ಕೇಳಿದೆವು. ಮಾವ ಕಟ್ಟಿಸಿದ್ದು, ಮಾವನ ಹೆಸರಿನಲ್ಲೇ ಇದೆ ಎಂದಳು. ಹಾಗಾದರೆ ಜೀವನಾಂಶ ಕೇಳಬಹುದು, ಮನೆ ಕೇಳಲಾಗದು ಎಂದು ಹೇಳಿ ಕಳಿಸಿಬಿಟ್ಟೆವು. ಆಕೆ ತಲೆಯಾಡಿಸಿ ತವರಿಗೆ ಹೋದಳು. ನಾವು ಹೇಳಿದ್ದು ಹಳೆಯ ಉತ್ತರ. ಆ ಹೊತ್ತಿಗೆ ಉತ್ತರ ಬದಲಾಗಿತ್ತು, ನಮಗೆ ಗೊತ್ತಿರಲಿಲ್ಲ. ಆ ಋಣ ನಮ್ಮ ಮೇಲಿರುವುದರಿಂದಲೇ ಇಂದು ಇದೊಂದೇ ವಿಷಯವನ್ನು ಹಿಡಿದು ಮಾತನಾಡುತ್ತಿದ್ದೇವೆ.

ಉತ್ತರ ಬದಲಾದದ್ದು ಹೇಗೆ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆಯನ್ನು ಸಂಸತ್ತು 2005ರಲ್ಲಿ ಮಾಡಿತು. 2006ರ ಅಕ್ಟೋಬರ್ 26ರಂದು ಅದು ಜಾರಿಗೆ ಬಂತು. ಅದರ 17ನೆಯ ಕಲಮಿನಲ್ಲಿ ಎರಡು ಮಾತುಗಳಿವೆ. ಸಂಸಾರದ ನಂಟಿರುವ ಹೆಣ್ಣಿಗೆ ತಾನು ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕುಂಟು, ಆ ಮನೆಯಲ್ಲಿ ಅವಳಿಗೆ ಒಡೆತನ ಇರಲಿ ಇಲ್ಲದಿರಲಿ, ಎಂಬುದು ಒಂದು. ಕಾನೂನಿನ ಕ್ರಮದ ಪ್ರಕಾರವಲ್ಲದೆ ಅವಳನ್ನು ಅಲ್ಲಿಂದ ಹೊರಗೆ ಹಾಕಕೂಡದು ಎಂಬುದು ಇನ್ನೊಂದು. ಮಾತು ಸ್ಪಷ್ಟವಾಗಿಯೇ ಇತ್ತು.

ಆದರೆ ಕಾಯಿದೆ ಜಾರಿಗೆ ಬಂದು ಎರಡು ತಿಂಗಳು ತುಂಬುವ ಮೊದಲೇ, ಅದೇ ವರ್ಷದ ಡಿಸೆಂಬರ್ 15ರಂದು, ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರ ಪೀಠ ಬಾತ್ರಾ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ದೆಹಲಿಯ ಮನೆ, ಅತ್ತೆಯ ಹೆಸರಿನಲ್ಲಿತ್ತು. ಗಂಡಹೆಂಡಿರು ಎಲ್ಲೆಲ್ಲಿ ಇದ್ದರೋ ಆ ಮನೆಯೆಲ್ಲ ಕೂಡಿ ಬಾಳಿದ ಮನೆ ಎಂದುಬಿಟ್ಟರೆ ನಾಳೆ ಅವಳು ಗಂಡನ ಚಿಕ್ಕಪ್ಪನ ಮನೆ, ಅಕ್ಕನ ಮನೆ ಎಂದು ಎಲ್ಲ ಕಡೆಯೂ ಹಕ್ಕು ಕೇಳಿಯಾಳು, ಗೊಂದಲವಾದೀತು ಎಂದು ನ್ಯಾಯಾಧೀಶರು ಹೇಳಿದರು. ಗಂಡನ ಸ್ವಂತದ್ದು, ಬಾಡಿಗೆಯದು, ಅವಿಭಕ್ತ ಕುಟುಂಬದ್ದು ಎಂಬ ಮೂರು ಬೇಲಿಗಳೊಳಗೆ ಹಕ್ಕನ್ನು ಕೂಡಿಹಾಕಿದರು. ಪುಸ್ತಕದ (ಆ) ಎಂಬ ಉತ್ತರ ಹುಟ್ಟಿದ್ದು ಅಲ್ಲಿ.

ಹದಿನಾಲ್ಕು ವರ್ಷ ಅದೇ ನಡೆಯಿತು. ಇದರಿಂದ ಆದದ್ದೇನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗನಿಗೂ ಸೊಸೆಗೂ ಮನಸ್ತಾಪ ಬಂದ ಕೂಡಲೆ ಮನೆಯನ್ನು ಅಪ್ಪನ ಹೆಸರಿಗೋ ಅಮ್ಮನ ಹೆಸರಿಗೋ ಬರೆಸಿಬಿಟ್ಟರೆ ಆಯಿತು. ಮನೆ ಅಲ್ಲೇ ಇರುತ್ತದೆ, ಒಲೆ ಅಲ್ಲೇ ಇರುತ್ತದೆ, ಅವಳ ಹಕ್ಕು ಮಾತ್ರ ಕಾಗದದ ಮೇಲೆ ಆವಿಯಾಗುತ್ತದೆ.

2020ರ ಅಕ್ಟೋಬರ್ 15ರಂದು ಮೂವರು ನ್ಯಾಯಾಧೀಶರ ಪೀಠ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಆ ಹಳೆಯ ತೀರ್ಪು ಸರಿಯಲ್ಲವೆಂದು ತಳ್ಳಿಹಾಕಿತು. ಅಲ್ಲಿಯೂ ಮನೆ ದೆಹಲಿಯದೇ, ಮಾವ ಸ್ವಂತ ಕೊಂಡದ್ದು. ಮನೆ ಗಂಡನ ಬಂಧುವಿನದಾದರೂ ಅಲ್ಲಿ ಆಕೆ ಸಂಸಾರದ ನಂಟಿನಿಂದ ಬಾಳಿದ್ದರೆ ಅದು ಕೂಡಿ ಬಾಳಿದ ಮನೆಯೇ ಎಂದು ಪೀಠ ಹೇಳಿತು. ಹಾಗಾದರೆ ಚಿಕ್ಕಪ್ಪನ ಮನೆ, ಅಕ್ಕನ ಮನೆಯ ಮಾತೇನು? ಅದಕ್ಕೂ ಉತ್ತರ ಕೊಟ್ಟಿದ್ದಾರೆ. ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದು ಹೋದ ಮನೆಯಲ್ಲ. ಇಲ್ಲಿಯೇ ಬಾಳುವೆ ಎಂಬ ಉದ್ದೇಶವಿದ್ದು, ಆ ವಾಸಕ್ಕೆ ಒಂದಿಷ್ಟು ಸ್ಥಿರತೆ ಇದ್ದ ಮನೆಯಾಗಬೇಕು. ಹೀಗೆ ಸರಿಯುತ್ತರ (ಇ) ಆಯಿತು.

ಈ ಮಾತು ನಮ್ಮ ಸೀಮೆಯವರಿಗೆ ತಿಳಿಯದ್ದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳವಿದ್ದದ್ದೂ ಇದೇ: ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು ದೊಡ್ಡದೋ, ಉಳುತ್ತಿರುವವರು ಯಾರೆಂಬುದು ದೊಡ್ಡದೋ? ಒಕ್ಕಲೆಬ್ಬಿಸುವುದು ಎಂಬ ಮಾತು ನಮ್ಮಲ್ಲಿ ಈಗಲೂ ಮೈ ನಡುಗಿಸುತ್ತದೆ. ಆದರೆ ಗದ್ದೆಯಿಂದ ಒಕ್ಕಲೆಬ್ಬಿಸಿದರೆ ಕೂಗುವ ನಾವು, ಮನೆಯಿಂದ ಸೊಸೆಯನ್ನು ಒಕ್ಕಲೆಬ್ಬಿಸಿದರೆ ಅದು ಅವರ ಮನೆಯ ವಿಚಾರ ಎಂದು ಸುಮ್ಮನಿದ್ದೇವೆ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ ಎಂಬುದನ್ನೂ ಹೇಳಿಬಿಡಬೇಕು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಅರ್ಜಿ ಹಾಕಿ ಒಡೆಯನಾದ. ಈ ಕಾಯಿದೆಯಲ್ಲಿ ಹೆಣ್ಣು ಒಡತಿಯಾಗುವುದಿಲ್ಲ. ಖಾತೆಯಲ್ಲಿ ಹೆಸರು ಬರುವುದಿಲ್ಲ, ಪಾಲು ಸಿಗುವುದಿಲ್ಲ, ಮಾರುವ ಅಧಿಕಾರವಿಲ್ಲ. ಇರುವುದು ವಾಸದ ಹಕ್ಕು ಮಾತ್ರ. ಮನೆಯಲ್ಲಿ ಪಾಲು ಬರುತ್ತದೆಯಂತೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ.

ಈಗ ಎರಡನೆಯ ಪ್ರಶ್ನೆ. ಅತ್ತೆ ಮಾವಂದಿರು ವಯಸ್ಸಾದವರು. ಹಿರಿಯ ನಾಗರಿಕರ ರಕ್ಷಣೆಗೆ 2007ರ ಕಾಯಿದೆ ಇದೆ. ಅದರಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಸೊಸೆಯನ್ನು ಖಾಲಿ ಮಾಡಿಸಬಹುದೇ? (ಅ) ಹಿರಿಯರ ಕಾಯಿದೆಯೇ ಮೇಲು. (ಆ) ಹೆಣ್ಣಿನ ಕಾಯಿದೆಯೇ ಮೇಲು. (ಇ) ಎರಡನ್ನೂ ಹೊಂದಿಸಿ ನೋಡಬೇಕು.

ಇದಕ್ಕೆ ಉತ್ತರ ಬಂದದ್ದು ನಮ್ಮ ಕರ್ನಾಟಕದ ಮೊಕದ್ದಮೆಯಿಂದಲೇ. ಎಸ್. ವನಿತಾ ಪ್ರಕರಣವೆಂದು ಕಾನೂನಿನ ಪುಸ್ತಕಗಳಲ್ಲಿ ಅದಕ್ಕೆ ಹೆಸರು. ಮನೆ ಬೆಂಗಳೂರಿನ ಉತ್ತರ ಭಾಗದ್ದು. ಮದುವೆ 2002ರಲ್ಲಿ. ಆ ನಿವೇಶನ ಮೊದಲು ಗಂಡನ ಹೆಸರಿನಲ್ಲಿತ್ತು. 2006ರಲ್ಲಿ ಅವನು ಅದನ್ನು ತನ್ನ ತಂದೆಗೆ ಮಾರಿದ. 2009ರಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ. 2010ರಲ್ಲಿ ತಂದೆ ಆ ಆಸ್ತಿಯನ್ನು ತನ್ನ ಹೆಂಡತಿಗೆ, ಎಂದರೆ ಸೊಸೆಯ ಅತ್ತೆಗೆ, ದಾನಪತ್ರ ಮಾಡಿಕೊಟ್ಟ. ಆಮೇಲೆ ಅತ್ತೆ ಮಾವಂದಿರು ಹಿರಿಯ ನಾಗರಿಕರ ಕಾಯಿದೆಯಡಿ ಅರ್ಜಿ ಹಾಕಿದರು. 2015ರಲ್ಲಿ ಉಪವಿಭಾಗಾಧಿಕಾರಿಗಳು ಸೊಸೆ ಮನೆ ಬಿಡಬೇಕೆಂದು ಆಜ್ಞೆ ಮಾಡಿದರು. ಜಿಲ್ಲಾಧಿಕಾರಿಗಳು ಅದನ್ನೇ ಎತ್ತಿಹಿಡಿದರು. ಉಚ್ಚ ನ್ಯಾಯಾಲಯದಲ್ಲೂ ಆಕೆಗೆ ಸೋಲಾಯಿತು. ಅಲ್ಲಿನ ವಿಭಾಗೀಯ ಪೀಠದ ತೀರ್ಪು ಬಂದದ್ದು 2019ರ ಸೆಪ್ಟೆಂಬರಿನಲ್ಲಿ.

ಗಮನಿಸಿ, ಗೋಡೆ ಒಂದೇ, ಬಾಗಿಲು ಒಂದೇ. ಹೆಸರು ಮಾತ್ರ ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಮ್ಮನಿಗೆ ನಡೆದುಹೋಗಿದೆ. ಒಳಗೆ ಬಾಳುತ್ತಿದ್ದವಳು ಕದಲಿಲ್ಲ, ಅವಳ ಕಾಲ ಕೆಳಗಿನ ಕಾಗದ ಕದಲಿತು.

2020ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಗಳನ್ನು ರದ್ದು ಮಾಡಿತು. ಎರಡೂ ಕಾಯಿದೆಗಳು ದುರ್ಬಲರಿಗಾಗಿಯೇ ಇವೆ, ಒಂದನ್ನು ಇನ್ನೊಂದರ ಕತ್ತು ಹಿಸುಕಲು ಬಳಸಕೂಡದು ಎಂಬುದು ತೀರ್ಪಿನ ಸಾರ. ಹಿರಿಯರ ಕಾಯಿದೆಯ ವಿಚಾರಣೆ ಚುಟುಕಾದುದು. ಆ ಚುಟುಕು ವಿಚಾರಣೆಯಲ್ಲಿ, ಇದು ಕೂಡಿ ಬಾಳಿದ ಮನೆಯೇ ಎಂಬುದನ್ನು ನೋಡದೆ ಹೆಣ್ಣಿನ ವಾಸದ ಹಕ್ಕನ್ನು ಅಳಿಸಿಹಾಕುವಂತಿಲ್ಲ. ಹಾಗೆಂದು ಮನೆಯನ್ನು ಆಕೆಗೆ ಕೊಟ್ಟುಬಿಡಲಿಲ್ಲ. ದೌರ್ಜನ್ಯ ಕಾಯಿದೆಯಡಿ ಅರ್ಜಿ ಹಾಕಲು ಅವಕಾಶ ಕೊಟ್ಟು, ಒಂದು ವರ್ಷದವರೆಗೆ ಆಕೆಯನ್ನು ಬಲವಂತವಾಗಿ ಹೊರಹಾಕಕೂಡದು, ಮನೆಯನ್ನು ಪರಭಾರೆ ಮಾಡಕೂಡದು ಎಂದು ತಡೆದರು. ಉತ್ತರ (ಇ).

ಇಲ್ಲಿ ಅತ್ತೆಯಾಗಿರುವ ಅಮ್ಮಂದಿರೂ ಕೂತಿದ್ದೀರಿ. ನಿಮ್ಮ ಮುಖ ನೋಡಿದರೆ ಏನು ಯೋಚಿಸುತ್ತಿದ್ದೀರೆಂದು ತಿಳಿಯುತ್ತದೆ. ಮಗ ಸೊಸೆ ಸೇರಿ ಮುದುಕರನ್ನು ಹೊಡೆಯುವ ಮನೆಗಳೂ ಇವೆ. ಅದನ್ನು ನ್ಯಾಯಾಲಯ ಮರೆತಿಲ್ಲ. ಸೊಸೆಯ ವಾಸದ ಹಕ್ಕು ಅಲುಗಾಡದ ಹಕ್ಕೇನೂ ಅಲ್ಲ, ಮುಪ್ಪಿನಲ್ಲಿ ನೆಮ್ಮದಿಯಿಂದಿರುವ ಹಕ್ಕು ಹಿರಿಯರಿಗೂ ಉಂಟು ಎಂದು ಅಹುಜಾ ತೀರ್ಪಿನಲ್ಲೇ ಹೇಳಿದ್ದಾರೆ. ಒಂದೇ ಸೂರಿನಡಿ ಬಾಳಲಾಗದಿದ್ದರೆ ಗಂಡ ಬೇರೆ ಮನೆ ಮಾಡಿಕೊಡಲಿ, ಅಥವಾ ಬಾಡಿಗೆ ಕೊಡಲಿ ಎಂದು ಮ್ಯಾಜಿಸ್ಟ್ರೇಟರು 19ನೆಯ ಕಲಮಿನಡಿ ಆಜ್ಞೆ ಮಾಡಬಹುದು. ಆ ಮನೆ ಆಕೆ ಇದ್ದ ಮನೆಯ ಮಟ್ಟದ್ದೇ ಆಗಿರಬೇಕು. ಅಲ್ಲದೆ, ಮನೆಯಿಂದ ಹೊರನಡೆ ಎಂಬ ಆಜ್ಞೆಯನ್ನು ಈ ಕಲಮಿನಡಿ ಗಂಡಸಿನ ಮೇಲೆ ಮಾಡಬಹುದೇ ಹೊರತು ಹೆಂಗಸಿನ ಮೇಲೆ ಮಾಡುವಂತಿಲ್ಲ. ಸೊಸೆ ಅರ್ಜಿ ಹಾಕಿದರೆ ಅತ್ತೆಯನ್ನು ಬೀದಿಗೆ ತಳ್ಳುತ್ತಾರೆ ಎಂಬ ಭಯ ಬೇಡ.

ಈಗ ಕೈಕೆಲಸದ ಭಾಗಕ್ಕೆ ಬರೋಣ. ಒಂದು ಲೆಕ್ಕ ಹಾಕಿಕೊಳ್ಳಿ. ಇದು ಯಾರ ಕತೆಯೂ ಅಲ್ಲ, ಹಲಗೆಯ ಮೇಲೆ ಬರೆಯುವ ಲೆಕ್ಕದಂತೆ. ಕೋಣಂದೂರಿನ ಸುತ್ತಿನ ಒಂದು ಹಳ್ಳಿ. ಸೊಸೆ ಬಂದು ಒಂಬತ್ತು ವರ್ಷ, ಒಂದು ಮಗು. ಮನೆ ಅತ್ತೆಯ ಹೆಸರಿನಲ್ಲಿದೆ. ಗಂಡ ಕುಡಿದು ಹೊಡೆಯುತ್ತಾನೆ. ಒಂದು ಸಂಜೆ ಮಗುವಿನ ಸಮೇತ ಹೊರಗೆ ಹಾಕಿ ಅಗುಳಿ ಹಾಕಿಕೊಂಡರು. ಆಕೆ ರಿಪ್ಪನ್‌ಪೇಟೆಯ ತವರಿಗೆ ಹೋದಳು.

ಮೊದಲ ಪ್ರಶ್ನೆ, ಹೊರಗೆ ಹೋದ ಮೇಲೆ ಹಕ್ಕು ಉಳಿಯಿತೇ? ಉಳಿಯಿತು. ಈಗ ಬಾಳುತ್ತಿರುವ ಅಥವಾ ಹಿಂದೆ ಯಾವಾಗಲಾದರೂ ಬಾಳಿದ ಮನೆ ಎಂದು ಕಾಯಿದೆ ಹೇಳುತ್ತದೆ. ಗಂಡ ಸತ್ತ ಮೇಲೆ ಹೊರಗಿಟ್ಟ ಸೊಸೆಗೂ ಈ ಹಕ್ಕುಂಟೆಂದು 2022ರ ಮೇ 12ರಂದು ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಎರಡನೆಯದು, ಯಾವ ನ್ಯಾಯಾಲಯ? ಆಕೆ ಸದ್ಯಕ್ಕೆ ವಾಸವಿರುವ ಊರಿನದೂ ಆಗಬಹುದು. ಎಂದರೆ ತೀರ್ಥಹಳ್ಳಿಗೇ ಹೋಗಬೇಕೆಂದಿಲ್ಲ, ಹೊಸನಗರದ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಅರ್ಜಿ ಬರೆಯುವವರು ಯಾರು? ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಸಂರಕ್ಷಣಾಧಿಕಾರಿಯ ಕೆಲಸ ಕೊಟ್ಟಿದ್ದಾರೆ. ಅಂಗನವಾಡಿ ನಡೆಸುವ ಇಲಾಖೆಯ ಆ ಕಛೇರಿಗೆ ಹೋದರೆ ನಡೆದದ್ದನ್ನು ಬರೆದುಕೊಂಡು ವರದಿ ಮಾಡಬೇಕಾದದ್ದು ಅವರ ಕರ್ತವ್ಯ. ಅಲ್ಲಿ ಆಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ವರಮಾನ ಎಷ್ಟೆಂದು ಕೇಳುವಂತಿಲ್ಲ. ಅಧಿಕಾರಿಯ ವರದಿ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ ಎಂಬುದೂ 2022ರ ಆ ತೀರ್ಪಿನಲ್ಲೇ ಇದೆ.

ಮೂರನೆಯದು, ಏನನ್ನು ಕೇಳಬೇಕು? ಇಲ್ಲಿಯೇ ಹೆಚ್ಚಿನವರು ಎಡವುವುದು. ನನಗೆ ನ್ಯಾಯ ಕೊಡಿಸಿ ಎಂದಷ್ಟೇ ಬರೆದರೆ ಸಾಲದು. ನಮ್ಮ ಲೆಕ್ಕದ ಹೆಣ್ಣುಮಗಳು ಹೀಗೆ ಕೇಳಬೇಕು: ನನ್ನನ್ನು ಆ ಮನೆಯೊಳಗೆ ಮತ್ತೆ ಬಿಡಬೇಕು, ಹೊರಹಾಕಕೂಡದು, ಮನೆಯನ್ನು ಮಾರಕೂಡದು, ಬೇರೆಯವರಿಗೆ ಬರೆದುಕೊಡಕೂಡದು, ಅಲ್ಲಿ ಇರಲು ಸಾಧ್ಯವೇ ಇಲ್ಲವೆಂದು ಕಂಡರೆ ಗಂಡ ಬೇರೆ ಮನೆ ಮಾಡಿಕೊಡಲಿ ಅಥವಾ ಬಾಡಿಗೆ ಕೊಡಲಿ. ಇವೆಲ್ಲ 19ನೆಯ ಕಲಮಿನ ವಾಸದ ಆಜ್ಞೆಗಳು. ಇವುಗಳ ಜೊತೆಗೆ 18ನೆಯ ಕಲಮಿನಡಿ, ಹೊಡೆಯಕೂಡದು, ಬೆದರಿಸಕೂಡದು ಎಂಬ ರಕ್ಷಣಾ ಆಜ್ಞೆಯನ್ನೂ ತಪ್ಪದೆ ಕೇಳಬೇಕು. ಏಕೆಂದರೆ, ಆಜ್ಞೆ ಮೀರಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಎಂಬ ಶಿಕ್ಷೆಯನ್ನು 31ನೆಯ ಕಲಮು ಹೇಳುವುದು ರಕ್ಷಣಾ ಆಜ್ಞೆಯ ಹೆಸರೆತ್ತಿ. ವಾಸದ ಆಜ್ಞೆ ಒಂದನ್ನೇ ಪಡೆದು ಬಂದರೆ, ಅದನ್ನು ಮೀರಿದವನು ಈ ಸಂದಿನಲ್ಲಿ ನುಸುಳಲು ನೋಡುತ್ತಾನೆ. ಅದಕ್ಕೇ ಎರಡೂ ಬೇಕು. ಆಜ್ಞೆಯನ್ನು ನಡೆಸಿಕೊಡಲು ಠಾಣೆಯ ಅಧಿಕಾರಿ ನೆರವಾಗಬೇಕೆಂದೂ ಅರ್ಜಿಯಲ್ಲೇ ಕೇಳಬೇಕು. ಕೇಳಿದರೆ ಮ್ಯಾಜಿಸ್ಟ್ರೇಟರು ಹಾಗೆ ಆದೇಶಿಸಬಹುದು. ಕೇಳದಿದ್ದರೆ ಆಜ್ಞೆಯ ಕಾಗದ ಹಿಡಿದುಕೊಂಡು ಮುಚ್ಚಿದ ಬಾಗಿಲ ಮುಂದೆ ಮತ್ತೆ ಒಬ್ಬಳೇ ನಿಲ್ಲಬೇಕಾದೀತು.

ನಾಲ್ಕನೆಯದು, ಎಷ್ಟು ದಿನ? ಅರ್ಜಿ ತಲುಪಿದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು, 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯಿದೆ ಹೇಳುತ್ತದೆ. ನಡೆಯುವುದು ಹಾಗಲ್ಲ, ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಆಜ್ಞೆ ಬೇಕೆಂದು ಪ್ರಮಾಣಪತ್ರ ಹಾಕಬೇಕು. 23ನೆಯ ಕಲಮು ಇರುವುದು ಅದಕ್ಕಾಗಿ. ತುರ್ತು ಕಂಡರೆ ಎದುರು ಪಕ್ಷ ಬರುವ ಮೊದಲೇ ಆಜ್ಞೆ ಮಾಡಬಹುದು. ಇನ್ನೊಂದು ಮಾತು: ಇದು ಗಂಡನನ್ನು ಜೈಲಿಗೆ ಕಳಿಸುವ ದೂರಲ್ಲ. ಕ್ರೌರ್ಯಕ್ಕೆ ಶಿಕ್ಷೆ ಕೇಳುವ ದಾರಿ ಬೇರೆ ಇದೆ, ಅದನ್ನು ಹಿಡಿಯುವುದು ಬಿಡುವುದು ಆಕೆಗೆ ಸೇರಿದ್ದು. ಪೊಲೀಸರ ಸಹವಾಸ ಬೇಡವೆಂದು ಹೆದರಿ ಮನೆಯ ಹಕ್ಕನ್ನೂ ಬಿಟ್ಟುಕೊಟ್ಟವರಿದ್ದಾರೆ. ಒಂದಕ್ಕೊಂದು ಗಂಟು ಹಾಕಬೇಡಿ.

ಐದನೆಯದು, ಅಲ್ಲಿ ಬಾಳಿದ್ದಕ್ಕೆ ಗುರುತೇನು? ಪಡಿತರ ಚೀಟಿಯಲ್ಲಿ ಹೆಸರು, ಮತದಾರರ ಚೀಟಿಯ ವಿಳಾಸ, ಮಗುವಿನ ಶಾಲೆಯ ದಾಖಲೆ, ಬಸುರಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡು, ಪಕ್ಕದ ಮನೆಯವರ ಮಾತು. ಹೊಡೆತ ಬಿದ್ದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತೆಂದು ನಿಜ ಹೇಳಿ ಬರೆಸಬೇಕು. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಬರೆಸಿದರೆ ಆ ಚೀಟಿಯೇ ನಾಳೆ ಎದುರು ಸಾಕ್ಷಿಯಾಗುತ್ತದೆ.

ಕೊನೆಗೆ, ಜಗುಲಿಯ ಮೇಲೆ ಕೂರುವ ಪಂಚಾಯಿತಿಯ ಮಾತು. ದೊಡ್ಡವರು ಸೇರಿ ರಾಜಿ ಮಾಡಿಸುವುದು ಕೆಟ್ಟದ್ದಲ್ಲ. ಆದರೆ ರಾಜಿಯ ಕೊನೆಗೆ ಛಾಪಾ ಕಾಗದ ಹೊರಬಂದರೆ ಎಚ್ಚರ. ನಾನು ಸ್ವಂತ ಇಚ್ಛೆಯಿಂದ ಮನೆ ಬಿಟ್ಟು ಹೋಗುತ್ತಿದ್ದೇನೆ, ನನಗೂ ಈ ಮನೆಗೂ ಸಂಬಂಧವಿಲ್ಲ ಎಂಬ ಒಂದು ಸಾಲು ಅದರಲ್ಲಿದ್ದರೆ, ಆ ಸಾಲನ್ನು ಬರೆಸುವುದಕ್ಕಾಗಿಯೇ ಪಂಚಾಯಿತಿ ಕೂಡಿತೆಂದು ತಿಳಿಯಿರಿ. ಖಾಲಿ ಕಾಗದಕ್ಕಂತೂ ಹೆಬ್ಬೆಟ್ಟು ಒತ್ತಲೇಬೇಡಿ. ಓದಿ ಹೇಳುವವರು ಬರುವವರೆಗೆ, ನಾಳೆ ಹಾಕುತ್ತೇನೆ ಎನ್ನಿ. ಒಂದು ರಾತ್ರಿ ಕಳೆದರೆ ರಾಜಿಯೇನೂ ಮುರಿಯುವುದಿಲ್ಲ.

ಹಿಂದೆ ನಾವು ತಪ್ಪು ಹೇಳಿ ಕಳಿಸಿದ ಆ ತಂಗಿಯನ್ನು ಮತ್ತೆ ಹುಡುಕಿಕೊಂಡು ಹೋಗಿದ್ದೆವು. ಹೇಳಿದ್ದನ್ನೆಲ್ಲ ಕೇಳಿ, ಇದನ್ನು ಅವತ್ತೇ ಹೇಳಿದ್ದರೆ ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಜಿ ಈಗಲೂ ಹಾಕಬಹುದು ಎಂದೆವು. ಯೋಚಿಸುತ್ತೇನೆ ಎಂದಿದ್ದಾಳೆ. ಆ ತೀರ್ಮಾನ ಅವಳದು.

ಪರೀಕ್ಷೆಗೆ ಓದುತ್ತಿರುವ ಹುಡುಗಿಯರು ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಪುಸ್ತಕದ ಉತ್ತರಪಟ್ಟಿ ತೆಗೆದು ನೋಡಿ. ಈ ಪ್ರಶ್ನೆಗೆ (ಆ) ಎಂದಿದ್ದರೆ ಪೆನ್ಸಿಲಿನಿಂದ ಹೊಡೆದುಹಾಕಿ (ಇ) ಎಂದು ಬರೆಯಿರಿ, ಪಕ್ಕದಲ್ಲಿ 2020 ಎಂದು ಇಸವಿ ಹಾಕಿ. ಆಮೇಲೆ ಆ ಪುಟವನ್ನು ನಿಮ್ಮ ಅಮ್ಮನಿಗೂ ಅತ್ತಿಗೆಗೂ ಒಮ್ಮೆ ಓದಿ ಹೇಳಿ.